ಧಾಟಿ ಬರೆದಿಡದ ನಾಡಿನಲ್ಲಿ ಕೊಡಾಯ್, ಓರ್ಫ್, ಸುಜುಕಿ

ಪ್ರಾಥಮಿಕ ಶಾಲೆಯ ಸಂಗೀತ ಪಾಠದ ಚರ್ಚೆ ಬಂದಾಗಲೆಲ್ಲ ಕೊಡಾಯ್, ಓರ್ಫ್, ಸುಜುಕಿ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಆದರೆ ಈ ಮೂವರು ಹುಡುಕಿದ್ದು ಒಂದೇ ಪ್ರಶ್ನೆಯ ಉತ್ತರವನ್ನಲ್ಲ. ಅಕ್ಷರ ಓದುವಂತೆ ಸ್ವರವನ್ನೂ ಎಲ್ಲ ಮಕ್ಕಳು ಓದುವಂತಾಗಬೇಕು ಎಂಬುದು ಹಂಗೇರಿಯ ಝೋಲ್ತಾನ್ ಕೊಡಾಯ್ ಅವರ ಗುರಿ. ಓದುವ ಮೊದಲು ಮಗು ತಾನೇ ಸಂಗೀತ ಕಟ್ಟಬೇಕು ಎಂಬುದು ಜರ್ಮನಿಯ ಕಾರ್ಲ್ ಓರ್ಫ್ ಅವರದು. ಮಾತು ಕಲಿತ ಮಗು ಅದೇ ದಾರಿಯಲ್ಲಿ ವಾದ್ಯವನ್ನೂ ಕಲಿಯಬಲ್ಲದು ಎಂಬುದು ಜಪಾನಿನ ಶಿನಿಚಿ ಸುಜುಕಿ ಅವರ ನಂಬಿಕೆ. ನಿಪ್ಪಾಣಿಯ ಒಂದು ಸರ್ಕಾರಿ ಶಾಲೆಯ ಎರಡನೆಯ ತರಗತಿಗೆ ಇವುಗಳಲ್ಲಿ ಯಾವುದು ಒಗ್ಗುತ್ತದೆ ಎಂದು ತೂಗಿ ನೋಡಬೇಕಾದರೆ ಗುರಿಗಳನ್ನು ಮೆಚ್ಚಿಕೊಂಡರೆ ಸಾಲದು. ಪ್ರತಿಯೊಂದೂ ಬೇಡುವ ಸಾಮಗ್ರಿ ಏನು, ಅದು ನಮ್ಮಲ್ಲಿ ಇದೆಯೇ ಎಂದು ಕೇಳಬೇಕು.

ಕೊಡಾಯ್ ಪದ್ಧತಿಯ ಬಗ್ಗೆ ಹೆಚ್ಚು ಹೇಳುತ್ತೇನೆ, ಏಕೆಂದರೆ ಮೂರರಲ್ಲಿ ಆಳವಾದದ್ದು ಅದೇ. ನಮ್ಮಲ್ಲಿ ಅದನ್ನು ಕೈಸನ್ನೆಗಳ ಪದ್ಧತಿ ಎಂದು ತಿಳಿದವರಿದ್ದಾರೆ. ಕೈಸನ್ನೆಗಳು ಕೊಡಾಯ್ ಅವರವೇ ಅಲ್ಲ, ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ಬಂದವು. ‘ತಾ’, ‘ತಿ–ತಿ’ ಎಂಬ ಲಯದ ಉಚ್ಚಾರಗಳು ಫ್ರಾನ್ಸಿನಿಂದ ಬಂದವು. ತರಗತಿಯ ಪಾಠಕ್ರಮವನ್ನು ಮೊದಲು ಪುಸ್ತಕವಾಗಿ ಬರೆದವರು ಕೊಡಾಯ್ ಅವರ ಶಿಷ್ಯ ಯೆನೋ ಆದಾಮ್, 1944ರಲ್ಲಿ. ಕೊಡಾಯ್ ಅವರ ನಿಜವಾದ ಕೊಡುಗೆ ಇದಕ್ಕಿಂತ ನಲವತ್ತು ವರ್ಷ ಹಿಂದೆ ಶುರುವಾಗಿತ್ತು. 1905ರಿಂದ ಅವರೂ ಬೇಲಾ ಬಾರ್ತೋಕ್ ಅವರೂ ಹಳ್ಳಿ ಹಳ್ಳಿ ತಿರುಗಿ, ಮೇಣದ ಕೊಳವೆಯ ಫೋನೋಗ್ರಾಫಿನಲ್ಲಿ ಜನಪದರ ಹಾಡು ಹಿಡಿದು, ಧಾಟಿಯನ್ನು ಸ್ವರಲಿಪಿಗೆ ಇಳಿಸಿ, ಒಂದೊಂದು ಧಾಟಿಯಲ್ಲಿ ಎಷ್ಟು ಸ್ವರ, ಎಂಥ ನಡೆ, ಎಲ್ಲಿ ನಿಲುಗಡೆ ಎಂದು ವಿಂಗಡಿಸಿದರು. ಎರಡು ಸ್ವರದ ಹಾಡು ಯಾವುದು, ಮೂರರದು ಯಾವುದು, ಐದರದು ಯಾವುದು ಎಂದು ಹೇಳಬಲ್ಲ ಭಂಡಾರ ಹೀಗೆ ಸಿದ್ಧವಾಯಿತು. 1950ರಲ್ಲಿ ಕೆಚ್‌ಕೆಮೇಟ್ ಊರಿನಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ತೆರೆದಾಗ ಶಿಕ್ಷಕರ ಕೈಯಲ್ಲಿ ಈ ಭಂಡಾರವಿತ್ತು. ಪದ್ಧತಿ ನಿಂತಿರುವುದು ಅದರ ಮೇಲೆ.

ಈಗ ನಮ್ಮ ಕಡೆ ನೋಡೋಣ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಜನಪದರ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಕನ್ನಡ ಸಾಹಿತ್ಯಕ್ಕೆ ಅದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ನಾನು ವಿವರಿಸಬೇಕಿಲ್ಲ. ಆದರೆ ಉಳಿದದ್ದು ಪದ, ಧಾಟಿಯಲ್ಲ. ಅವರ ಬಳಿ ಧ್ವನಿಮುದ್ರಣ ಯಂತ್ರವಿರಲಿಲ್ಲ, ಆದ್ದರಿಂದ ಅವರನ್ನು ದೂರುವಂತಿಲ್ಲ. ಯಂತ್ರ ಅಗ್ಗವಾದ ಮೇಲೂ ನಮ್ಮ ಬಹುಪಾಲು ಜಾನಪದ ಸಂಕಲನಗಳು ಸಾಹಿತ್ಯದ ಸಂಕಲನಗಳಾಗಿಯೇ ಉಳಿದವು ಎಂಬುದು ಮಾತ್ರ ದೂರಬೇಕಾದ ಸಂಗತಿ. ತ್ರಿಪದಿ ಅಂಶಗಣದ ಛಂದಸ್ಸು. ಅಲ್ಲಿ ಅಕ್ಷರದ ಅಳತೆ ಅಚ್ಚಿನಲ್ಲಿ ಸಿಗುವುದಿಲ್ಲ. ಹಾಡುವವಳು ಒಂದು ಅಕ್ಷರವನ್ನು ಎಳೆಯುತ್ತಾಳೆ, ಇನ್ನೊಂದನ್ನು ಒತ್ತಿ ಸಣ್ಣದಾಗಿಸುತ್ತಾಳೆ, ಎರಡನೆಯ ಸಾಲನ್ನು ಮರಳಿ ಹಿಡಿದು ಮೂರು ಸಾಲನ್ನು ನಾಲ್ಕಾಗಿಸುತ್ತಾಳೆ. ಪುಸ್ತಕ ತೆರೆದ ಶಿಕ್ಷಕಿಗೆ ಇದಾವುದೂ ಕಾಣುವುದಿಲ್ಲ. ಹೀಗಾಗಿ ಕೊಡಾಯ್ ತರಬೇತಿ ಪಡೆದು ಬಂದ ಶಿಕ್ಷಕರು ಕೈಸನ್ನೆಗಳ ಜೊತೆಗೆ ಪರದೇಶದ ಹಾಡನ್ನೇ ಕಲಿಸುವಂತಾಗುತ್ತದೆ. ಹಾಗೆ ಮಾಡಿದರೆ ಆ ಪದ್ಧತಿಯ ಮೂಲ ಮಾತನ್ನೇ ಕೈಬಿಟ್ಟಂತೆ.

ಒಂದು ಅನುಕೂಲವಂತೂ ನಮಗಿದೆ. ಕೊಡಾಯ್ ಹೊರಗಿನಿಂದ ತರಬೇಕಾಗಿದ್ದ ಸಾಧನ, ಅಂದರೆ ಯಾವ ಶ್ರುತಿಯಲ್ಲಿ ಶುರು ಮಾಡಿದರೂ ಆಧಾರ ಸ್ವರಕ್ಕೆ ಒಂದೇ ಹೆಸರಿಟ್ಟು ಹಾಡುವ ಕ್ರಮ, ನಮ್ಮಲ್ಲಿ ಸರಿಗಮದ ರೂಪದಲ್ಲಿ ಆಗಲೇ ಇದೆ. ಅವರ ಪಾಠದ ಮೊದಲ ಎರಡು ಸ್ವರಗಳು ನಮ್ಮ ಪ ಮತ್ತು ಗ. ಆಮೇಲೆ ಧ, ಅನಂತರ ಸ, ರಿ. ಐದೂ ಸೇರಿದರೆ ಭೂಪ ರಾಗದ ಸ್ವರಗಳೇ. ವ್ಯತ್ಯಾಸವಿರುವುದು ಏರುವ ಕ್ರಮದಲ್ಲಿ. ನಾವು ಸ ದಿಂದ ಮೇಲಿನ ಸ ವರೆಗೆ ಅಲಂಕಾರ ಹತ್ತಿಸಿ ಇಳಿಸುತ್ತೇವೆ. ಅಲ್ಲಿ ಮಗು ಆಗಲೇ ಹಾಡುತ್ತಿರುವ ಎರಡೇ ಸ್ವರಗಳನ್ನು ಹಿಡಿದು ಹೊರಡುತ್ತಾರೆ. ಆರು ವರ್ಷದ ಮಗುವಿಗೆ ಎರಡನೆಯ ದಾರಿಯೇ ಸರಿ ಎಂದು ನನ್ನ ತೀರ್ಮಾನ. ಆದರೆ ಪ–ಗ ಎಂಬುದು ಕಟ್ಟಳೆಯಲ್ಲ. ನಿಪ್ಪಾಣಿಯ ಓಣಿಯ ಮಕ್ಕಳು ಆಟದಲ್ಲಿ ಕೂಗಿ ಹಾಡುವಾಗ ಯಾವ ಎರಡು ಸ್ವರ ಬರುತ್ತವೋ ಅವೇ ಇಲ್ಲಿ ಮೊದಲ ಪಾಠವಾಗಬೇಕು.

ಲಯದಲ್ಲಿ ತೊಡಕು ಇನ್ನೂ ಸ್ಪಷ್ಟ. ಮಕ್ಕಳಿಗೆ ಬಾಯಿಪಾಠವಾಗಿರುವ ಮಗ್ಗಿಯನ್ನೇ ತೆಗೆದುಕೊಳ್ಳೋಣ. ನಿಪ್ಪಾಣಿಯಲ್ಲಿ ಕನ್ನಡ ಶಾಲೆಯೂ ಮರಾಠಿ ಶಾಲೆಯೂ ಒಂದೇ ಊರಿನಲ್ಲಿವೆ. ಮರಾಠಿ ಶಾಲೆಯ ‘ಬೇ ದುಣೆ ಚಾರ’ ಎಂಬುದು ‘ತಾ, ತಿ–ತಿ, ತಾ’ ಎಂಬ ಅಳತೆಯಲ್ಲಿ ಸಲೀಸಾಗಿ ಕೂತುಕೊಳ್ಳುತ್ತದೆ, ಕೊನೆಗೆ ಒಂದು ಏಟು ಖಾಲಿ ಬಿಟ್ಟರಾಯಿತು. ಕನ್ನಡ ಶಾಲೆಯ ‘ಐದೆರಡ್ಲೆ ಹತ್ತು’ ಹಾಗಲ್ಲ. ಅದರ ಅಕ್ಷರಗಳು ಗುರು–ಲಘು, ಗುರು–ಲಘು, ಗುರು–ಲಘು. ಅಂದರೆ ಮೂರು ಮಾತ್ರೆಗಳ ಮೂರು ಗಣ. ಇದನ್ನು ‘ತಿ–ತಿ’ಗೆ ಬಗ್ಗಿಸಿದರೆ ‘ಐ’, ‘ರ’, ‘ಹ’ ಎಂಬ ಗುರು ಅಕ್ಷರಗಳು ಕುಗ್ಗಿ, ಮಾತಿನ ನಡೆ ಸಪಾಟಾಗುತ್ತದೆ. ಹಾಗಾಗಿದೆ ಎಂದು ತಿಳಿಯುವುದು ಕಷ್ಟವಲ್ಲ. ಅರ್ಧ ಮಕ್ಕಳ ಚಪ್ಪಾಳೆ ಶಿಕ್ಷಕರ ಜೊತೆ ಬೀಳುತ್ತದೆ, ಉಳಿದರ್ಧ ತಮ್ಮ ನಾಲಗೆಯ ಜೊತೆ ಬೀಳುತ್ತದೆ. ಸರಿಯಾದ ದಾರಿಯೆಂದರೆ ‘ಐ’ಗೆ ಒಂದು, ‘ರ’ಕ್ಕೆ ಒಂದು, ‘ಹ’ಕ್ಕೆ ಒಂದು ಚಪ್ಪಾಳೆ ಹಾಕಿ, ನಾಲ್ಕನೆಯದಕ್ಕೆ ಅಂಗೈ ಬಿಚ್ಚಿ ಹುಸಿ ತೋರಿಸುವುದು. ಒಂದೊಂದು ಏಟಿನೊಳಗೆ ಮೂರು ಮಾತ್ರೆ ಉಳಿಯುತ್ತವೆ. ಹಂಗೇರಿಯ ಹಾಡುಗಳು ಹೆಚ್ಚಾಗಿ ಎರಡರ ನಡೆಯವು. ಆದ್ದರಿಂದ ಅಲ್ಲಿನ ಪಾಠಕ್ರಮದಲ್ಲಿ ಮೂರರ ಒಳನಡೆ ತಡವಾಗಿ ಬರುತ್ತದೆ. ಕನ್ನಡ ಮಕ್ಕಳಿಗೆ ಅದು ಮೊದಲ ವರ್ಷವೇ ಬೇಕು. ಪುಸ್ತಕದ ಕ್ರಮವನ್ನು ಇಲ್ಲಿ ಮುರಿಯಲೇಬೇಕು.

ಹಾರ್ಮೋನಿಯಂ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಶಿಕ್ಷಕರು ತಮ್ಮ ಗಂಟಲಿಗೆ ಹೊಂದುವ ಕಾಳಿ ಒಂದರಲ್ಲಿ ಸ ಹಿಡಿದು, ಪ್ರತಿ ಸ್ವರವನ್ನೂ ಪೆಟ್ಟಿಗೆಯಲ್ಲಿ ಬಾರಿಸುತ್ತ ಹಾಡಿಸುತ್ತಾರೆ. ಹಾಡು ಸ ಗಿಂತ ಕೆಳಗಿಳಿದ ಕೂಡಲೇ ಮಕ್ಕಳ ಸ್ವರ ಸತ್ತು, ಮಾತು ಮಾತ್ರ ಉಳಿಯುತ್ತದೆ. ಸ ದಿಂದ ಧ ವರೆಗಿನ ಹಾಡಾದರೆ ಬಿಳಿ ಎರಡು ಸರಿ, ಮಂದ್ರ ಪ ವರೆಗೆ ಇಳಿಯುವ ಹಾಡಾದರೆ ಕಾಳಿ ಮೂರು. ಶ್ರುತಿ ಕೊಟ್ಟ ಮೇಲೆ ಪೆಟ್ಟಿಗೆ ಮುಚ್ಚಬೇಕು. ಮಕ್ಕಳು ತಮ್ಮ ದನಿಯನ್ನು ತಾವೇ ಕೇಳಿಕೊಂಡು ಹಾಡಬೇಕೆಂದು ಕೊಡಾಯ್ ಹಿಡಿದ ಹಟ ಪೂರ್ತಿ ಸರಿಯಾದದ್ದು.

ಓರ್ಫ್ ಪದ್ಧತಿ ಹುಟ್ಟಿದ್ದು ಹಾಡಿನ ತರಗತಿಯಲ್ಲಲ್ಲ. 1924ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ವ್ಯಾಯಾಮ–ನೃತ್ಯಶಾಲೆಯಲ್ಲಿ ಅದು ಮೊಳೆಯಿತು. ಮಕ್ಕಳ ಪಾಠವಾದದ್ದು 1948ರಲ್ಲಿ, ಬವೇರಿಯಾ ರೇಡಿಯೋ ಕಾರ್ಯಕ್ರಮಗಳಿಗಾಗಿ ಓರ್ಫ್ ಮತ್ತು ಗುನಿಲ್ಡ್ ಕೇಟ್‌ಮನ್ ಅದನ್ನು ಮರಳಿ ರೂಪಿಸಿದಾಗ. ಅದರ ಗುರುತು ಮರದ ಪಟ್ಟಿಗಳ ಝೈಲೋಫೋನ್. ಮ, ನಿ ಪಟ್ಟಿಗಳನ್ನು ಎತ್ತಿಟ್ಟರೆ ಉಳಿದ ಐದು ಸ್ವರಗಳಲ್ಲಿ ಮಗು ಹೇಗೆ ಬಾರಿಸಿದರೂ ಕರ್ಕಶವಾಗುವುದಿಲ್ಲ. ಆ ವಾದ್ಯ ದುಬಾರಿ. ಆದರೆ ಅದಿಲ್ಲದೆ ಓರ್ಫ್ ಇಲ್ಲ ಎಂದು ಕೈಚೆಲ್ಲುವುದು ತಪ್ಪು. ಸ–ಪ ಎರಡನ್ನೇ ಮಿಡಿಯುತ್ತ ಕೂರುವ ಆಧಾರ ಅವರ ವಾದ್ಯವೃಂದದ ತಳಹದಿ. ಕಾಗವಾಡದ ಗಡಿ ದಾಟಿದರೆ ತಂಬೂರಿ ಮಾಡುವ ಮಿರಜ್ ಇದೆ, ಸ–ಪದ ಶ್ರುತಿ ನಮಗೆ ಹೊಸತಲ್ಲ. ಚಪ್ಪಾಳೆ, ತೊಡೆತಟ್ಟು, ಹೆಜ್ಜೆ, ತಾಳ, ಹಲಗೆ, ಚೌಡಿಕೆ ಎಲ್ಲವೂ ಇಲ್ಲಿವೆ.

ಆದರೆ ಇಲ್ಲಿ ಓರ್ಫ್ ಯೋಚಿಸದ ಒಂದು ಸಂಗತಿ ಎದುರಾಗುತ್ತದೆ. ಹಲಗೆ, ಚೌಡಿಕೆ ಯಾರ ಕೈಯಲ್ಲಿರುತ್ತವೆ ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಜಾತಿ ನಿರ್ಧರಿಸಿದೆ. ತರಗತಿಗೆ ಹಲಗೆ ಬಂದಾಗ ಅದನ್ನು ಬಾರಿಸುವ ಮನೆತನದ ಹುಡುಗನನ್ನೇ ಪ್ರತಿ ಸಲ ಮುಂದೆ ಕರೆದರೆ, ಊರು ಮಾಡುತ್ತಿರುವುದನ್ನೇ ಶಾಲೆಯೂ ಮಾಡಿದಂತಾಗುತ್ತದೆ. ಎಲ್ಲ ಮಕ್ಕಳ ಕೈಗೂ ಸರದಿಯಲ್ಲಿ ಹಲಗೆ ಹೋಗಬೇಕು, ಆ ಮನೆಯ ಹಿರಿಯರು ಗುರುಗಳಾಗಿ ಬಂದು ಕೂರಬೇಕು. ಸದ್ದೇ ಪಾಠ ಎಂದುಕೊಳ್ಳುವುದು ಓರ್ಫ್ ತರಗತಿಯ ಇನ್ನೊಂದು ಅಪಾಯ. ಇದಕ್ಕೊಂದು ಪರೀಕ್ಷೆ ಉಂಟು. ವಾದ್ಯ ಕೆಳಗಿಡಿಸಿ ಅದೇ ಬೋಲನ್ನು ಮೈಮೇಲೆ ತಟ್ಟಲು ಹೇಳಬೇಕು. ತಟ್ಟಲಾಗದಿದ್ದರೆ ವಾದ್ಯ ಬೇಗ ಬಂದಿದೆ ಎಂದರ್ಥ. ಆ ಮಗ್ಗಿಗೇ ಮರಳುವುದಾದರೆ, ಕೊಡಾಯ್ ತರಗತಿ ಅದನ್ನು ಓದಲು ಕಲಿಸುತ್ತದೆ. ಓರ್ಫ್ ತರಗತಿ ‘ಐದೆರಡ್ಲೆ’ ಎಂದು ಎಲ್ಲರೂ ಕೂಡಿ ಕೇಳಿ, ಒಂದೊಂದು ಮಗುವೂ ಅಷ್ಟೇ ಅಳತೆಯ ತನ್ನದೇ ಲಯದಲ್ಲಿ ಉತ್ತರ ಕೊಡುವಂತೆ ಮಾಡುತ್ತದೆ. ಎರಡನೆಯದು ನಮ್ಮ ಶಾಲೆಗಳಲ್ಲಿ ಬಹಳ ಅಪರೂಪ.

ಸುಜುಕಿ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು, ಏಕೆಂದರೆ ಅದು ಮೂಲತಃ ಶಾಲೆಯ ಪದ್ಧತಿಯಲ್ಲ. ಒಂದು ಮಗು, ಒಂದು ಚಿಕ್ಕ ಪಿಟೀಲು, ಪಾಠಕ್ಕೆ ಜೊತೆಯಾಗಿ ಬಂದು ಮನೆಯಲ್ಲಿ ಸಾಧನೆ ಮಾಡಿಸುವ ತಾಯಿ ಅಥವಾ ತಂದೆ ಅದಕ್ಕೆ ಬೇಕು. ದಿನವೂ ಕಿವಿಗೆ ಬೀಳುವ ಮುದ್ರಿಕೆ, ಕಲಿತ ಹಳೆಯದನ್ನು ಬಿಡದೆ ನುಡಿಸುವುದು, ಲಿಪಿಯನ್ನು ತಡವಾಗಿ ಕಲಿಸುವುದು ಅದರ ಕ್ರಮ. ನಮ್ಮ ಗುರುಪರಂಪರೆಗೆ ಮೂರರಲ್ಲಿ ಹತ್ತಿರದ್ದು ಇದೇ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಕರಾಗಿದ್ದಾಗಲೇ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ದೊಡ್ಡ ಗಾಯಕರ ಗಾಯನವನ್ನು ಹಾಗೆಯೇ ಹಾಡಿ ತೋರಿಸುತ್ತಿದ್ದರು. ಕೇಳ್ಮೆಯ ಬಲಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅವರು ಕುಮಾರ ಗಂಧರ್ವರಾದದ್ದು ಅನುಕರಣೆಯಿಂದ ಹೊರಬಂದ ಮೇಲೆ. ಹೊರಬರುವ ಆ ದಾರಿ ಸುಜುಕಿ ತರಗತಿಯಲ್ಲಿ ತೀರ ಇಕ್ಕಟ್ಟು. ಇನ್ನು ಬೀಡಿ ಕಟ್ಟುವ, ಕಬ್ಬು ಕಡಿಯುವ ತಾಯಿಗೆ ಮಗುವಿನ ಜೊತೆ ಪಾಠಕ್ಕೆ ಕೂರುವ ಬಿಡುವೆಲ್ಲಿ? ಆ ಷರತ್ತು ಹಾಕುವ ಪದ್ಧತಿ ಮೊದಲ ದಿನವೇ ಅರ್ಧ ತರಗತಿಯನ್ನು ಹೊರಗಿಡುತ್ತದೆ. ಹಾಡು ಕಲಿಸುವ ಮೊದಲು ವಾರವಿಡೀ ಕೇಳಿಸುವುದು, ಹಳೆಯ ಹಾಡನ್ನು ದಿನವೂ ಒಮ್ಮೆ ಹಾಡಿಸುವುದು, ಇವೆರಡನ್ನು ಮಾತ್ರ ಅದರಿಂದ ತೆಗೆದುಕೊಂಡರೆ ಸಾಕು.

ಹಾಗಾಗಿ ನನ್ನ ತೀರ್ಪು ಇಷ್ಟು: ಕ್ರಮ ಕೊಡಾಯ್ ಅವರದಿರಲಿ, ನಡುನಡುವೆ ಕಟ್ಟುವ ಕೆಲಸ ಓರ್ಫ್ ಅವರಂತೆ ಆಗಲಿ. ಆದರೆ ಯಾವ ತರಬೇತಿಗೂ ಮೊದಲು ಧಾಟಿಗಳ ಭಂಡಾರ ಬೇಕು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಿಕ್ಷಕರಲ್ಲಿ ನನ್ನ ಬೇಡಿಕೆ ಇದು. ಬೀಸುವ ಪದ ಬಲ್ಲ ಅಜ್ಜಿಯರು ರಾಯಬಾಗ, ಅಥಣಿ, ನಿಪ್ಪಾಣಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಮರಾಠಿ ಓವಿ ಹಾಡುವವರೂ ಪಕ್ಕದ ಮನೆಯಲ್ಲೇ ಇದ್ದಾರೆ. ಮೊಬೈಲಿನಲ್ಲಿ ಅವರ ಹಾಡು ಹಿಡಿದುಕೊಳ್ಳಿ. ಹಾಡಿದವರ ಒಪ್ಪಿಗೆ ಪಡೆಯಿರಿ. ಒಂದೊಂದು ಧಾಟಿಗೂ ಸ ಎಲ್ಲಿದೆ, ಎಷ್ಟು ಸ್ವರ ಬಳಸಿದ್ದಾರೆ, ಕೆಳಗೆ ಎಲ್ಲಿಯವರೆಗೆ ಇಳಿಯುತ್ತದೆ, ನಡೆ ಎರಡರದೋ ಮೂರರದೋ ಎಂದು ನಾಲ್ಕು ಸಂಗತಿ ಬರೆಯಿರಿ. ಕ್ಲಸ್ಟರ್ ಸಭೆಯಲ್ಲಿ ಕೂಡಿದಾಗ ಕಡಿಮೆ ಸ್ವರದವನ್ನು ಮೊದಲಿಟ್ಟು ಜೋಡಿಸಿ. ಎರಡನೆಯ ತರಗತಿಯ ಸಂಗೀತ ಪುಸ್ತಕ ಅದೇ ಆಗಲಿ.