ಗಡಿಯಾರ ತೆಗೆದ ಚಾರ್ಟು

2010ರ ಮೇ 6ರಂದು ಅಮೆರಿಕದ ಷೇರುಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿದು ಮತ್ತೆ ಎದ್ದಿತು. ಅದಕ್ಕೆ ಫ್ಲ್ಯಾಶ್ ಕ್ರ್ಯಾಶ್ ಎಂಬ ಹೆಸರು ನಿಂತುಬಿಟ್ಟಿದೆ. ಅಂದಿನ ಮಧ್ಯಾಹ್ನದ 15 ಸೆಕೆಂಡುಗಳು ನನಗೆ ಮುಖ್ಯ. ನ್ಯೂಯಾರ್ಕ್ ಸಮಯ 2:45:13ರಿಂದ 2:45:27ರ ನಡುವೆ ಎಸ್ ಅಂಡ್ ಪಿ 500 ಸೂಚ್ಯಂಕದ ಇ-ಮಿನಿ ಫ್ಯೂಚರ್ಸ್ ಶೇ 1.7ರಷ್ಟು ಇಳಿದು 1056ರ ತಳ ಮುಟ್ಟಿತು. 2:45:28ಕ್ಕೆ ಷಿಕಾಗೊ ವಿನಿಮಯ ಕೇಂದ್ರದ ರಕ್ಷಣಾ ವ್ಯವಸ್ಥೆ ವಹಿವಾಟನ್ನು 5 ಸೆಕೆಂಡು ತಡೆಹಿಡಿಯಿತು. ಮತ್ತೆ ಬಾಗಿಲು ತೆರೆದಾಗ ಬೆಲೆ ನೆಲೆಗೊಂಡು, ಸ್ವಲ್ಪ ಹೊತ್ತಿನಲ್ಲೇ ಮೇಲೇರತೊಡಗಿತು. ವೇಗದ ಪೇಟೆಗೆ ಯಾವ ಚಾರ್ಟು ತಕ್ಕದ್ದು ಎಂಬ ಚರ್ಚೆಗೆ ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಸಿಗುವುದು ಕಷ್ಟ.

ಒಂದು ನಿಮಿಷದ ಕ್ಯಾಂಡಲ್‌ನಲ್ಲಿ ಕುಸಿತದ ಕೊನೆಯ ಹಂತ, ನಿಲುಗಡೆ, ಮರುಆರಂಭ ಮೂರೂ ಒಂದೇ ಕಡ್ಡಿಯೊಳಗೆ ಅಡಗುತ್ತವೆ. ಕ್ಯಾಂಡಲ್ ಮುಗಿಯುವವರೆಗೆ ಕಾದು ನಿರ್ಧರಿಸುವವನಿಗೆ ಆ ಕಡ್ಡಿ ಪೂರ್ತಿಯಾಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಪೇಟೆ ನಿದ್ದೆ ಮಾಡುತ್ತಿರಲಿ, ಓಡುತ್ತಿರಲಿ, ನಿಮಿಷಕ್ಕೊಂದು ಕ್ಯಾಂಡಲ್ ಬಿದ್ದೇ ಬೀಳುತ್ತದೆ. ಈ ದೂರು ನ್ಯಾಯವಾದದ್ದು. ಸಮಯದ ಬದಲು ಬೇರೇನನ್ನಾದರೂ ಅಳತೆಗೋಲು ಮಾಡಿಕೊಳ್ಳೋಣ ಎಂಬ ಯೋಚನೆ ಹುಟ್ಟಿದ್ದೂ ಇದರಿಂದಲೇ. ನಿಗದಿತ ಸಂಖ್ಯೆಯ ವ್ಯವಹಾರಗಳು ಆದಾಗ ಒಂದು ಬಾರ್ ಮುಗಿಸಿದರೆ ಅದು ಟಿಕ್ ಚಾರ್ಟು. ನಿಗದಿತ ಪ್ರಮಾಣದ ಕಾಂಟ್ರ್ಯಾಕ್ಟುಗಳು ಕೈ ಬದಲಿಸಿದಾಗ ಮುಗಿಸಿದರೆ ವಾಲ್ಯೂಮ್ ಬಾರ್. ಬೆಲೆ ನಿಗದಿತ ದೂರ ಕ್ರಮಿಸಿದಾಗ ಮುಗಿಸಿದರೆ ರೇಂಜ್ ಬಾರ್.

ಈ ಮೂರರಲ್ಲಿ ರೇಂಜ್ ಬಾರ್ ನನ್ನ ಎಣಿಕೆಯಲ್ಲಿ ಅತಿ ಅಪಾಯಕಾರಿ. 1990ರ ದಶಕದ ನಡುವಿನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದ ವಹಿವಾಟುದಾರ ವಿಸೆಂಟೆ ನಿಕೊಲೆಲ್ಲಿಸ್ ಇದನ್ನು ರೂಪಿಸಿದರು. ಏರಿಳಿತ ವಿಪರೀತವಾಗಿದ್ದ ತಮ್ಮ ಪೇಟೆಯಲ್ಲಿ ಸಮಯದ ಚಾರ್ಟು ಕೈಕೊಡುತ್ತಿದ್ದುದೇ ಕಾರಣ. ಅವರ ನಿಯಮಗಳು ಸರಳ. ಪ್ರತಿ ಬಾರಿನ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಅಂತರ ಒಂದೇ ಇರಬೇಕು. ಪ್ರತಿ ಬಾರ್ ಹಿಂದಿನದರ ವ್ಯಾಪ್ತಿಯ ಹೊರಗೆ ಆರಂಭವಾಗಬೇಕು. ಪ್ರತಿ ಬಾರ್ ತನ್ನ ಗರಿಷ್ಠದಲ್ಲಿ ಅಥವಾ ಕನಿಷ್ಠದಲ್ಲಿ ಮುಗಿಯಬೇಕು. ಮಧ್ಯಾಹ್ನದ ಜಡ ಪೇಟೆಯಲ್ಲಿ ಬೆಲೆ ಅಲ್ಲಲ್ಲೇ ತೂಗಾಡಿದರೆ ಒಂದೆರಡು ಬಾರ್‌ಗಳಲ್ಲಿ ಎಲ್ಲ ಮುಗಿಯುತ್ತದೆ. ಕಣ್ಣಿಗೆ ಹಿತವಾದ, ಗೊಂದಲವಿಲ್ಲದ ಚಿತ್ರ ಸಿಗುತ್ತದೆ. ಇದು ರೇಂಜ್ ಬಾರಿನ ನಿಜವಾದ ಗುಣ, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಅದೇ ನಿಯಮಗಳನ್ನು ಓಡುವ ಪೇಟೆಗೆ ಹಚ್ಚಿ ನೋಡಿ. ಇ-ಮಿನಿಯಲ್ಲಿ ಬೆಲೆಯ ಅತಿ ಚಿಕ್ಕ ಹೆಜ್ಜೆ 0.25 ಪಾಯಿಂಟು. 2 ಪಾಯಿಂಟಿನ ರೇಂಜ್ ಬಾರ್ ಇಟ್ಟುಕೊಂಡಿದ್ದೇವೆ ಎನ್ನೋಣ. ಬಾರ್ 1070.00ಕ್ಕೆ ಆರಂಭವಾಗಿ 1070.50ರವರೆಗೆ ಏರಿ, ನಂತರ 1068.50ಕ್ಕೆ ಇಳಿಯಿತು. ಅಂತರ 2 ಪಾಯಿಂಟು ತುಂಬಿತು, ಬಾರ್ ಮುಗಿಯಿತು. ಮುಂದಿನ ಬಾರ್ 1068.25ಕ್ಕೆ ಆರಂಭವಾಗಬೇಕು. ಆದರೆ ಕೊಳ್ಳುವವರೇ ಇಲ್ಲದ ಆ ಗಳಿಗೆಯಲ್ಲಿ ಮುಂದಿನ ವ್ಯವಹಾರ ನಡೆದದ್ದು 1065.00ಕ್ಕೆ ಎಂದುಕೊಳ್ಳಿ. ನಡುವಿನ ಬೆಲೆಗಳಲ್ಲಿ ಒಂದೇ ಒಂದು ಕಾಂಟ್ರ್ಯಾಕ್ಟೂ ಕೈ ಬದಲಿಸಿಲ್ಲ. ಹಾಗಿದ್ದರೂ ನಿಯಮ ಪಾಲಿಸಲೆಂದು ಕೆಲವು ಸಾಫ್ಟ್‌ವೇರ್‌ಗಳು ಅಲ್ಲಿ ಬಾರ್‌ಗಳನ್ನು ತಾವೇ ಬರೆದು ಖಾಲಿ ಜಾಗ ತುಂಬುತ್ತವೆ. ಇನ್ನು ಕೆಲವು 1065.00ರಿಂದಲೇ ಹೊಸ ಬಾರ್ ಶುರುಮಾಡಿ ಅಂತರವನ್ನು ಹಾಗೇ ಬಿಡುತ್ತವೆ. ಎರಡನೆಯದು ಪ್ರಾಮಾಣಿಕ. ಮೊದಲನೆಯದು ನಡೆಯದ ವಹಿವಾಟಿನ ಚಿತ್ರ.

ಕಣ್ಣಿನಿಂದ ಓದುವಾಗ ಈ ಕಲ್ಪಿತ ಬಾರ್ ಅಷ್ಟೇನೂ ನೋಯಿಸದು. ಬ್ಯಾಕ್‌ಟೆಸ್ಟಿನಲ್ಲಿ ಅದು ನೇರವಾಗಿ ಹಣದ ಲೆಕ್ಕಕ್ಕೆ ಕೈಹಾಕುತ್ತದೆ. 1068.00ರಲ್ಲಿ ಸ್ಟಾಪ್‌ಲಾಸ್ ಇಟ್ಟ ಖರೀದಿಯನ್ನು ಕಂಪ್ಯೂಟರ್ 1068.00ಕ್ಕೇ ಮಾರಿದಂತೆ ಲೆಕ್ಕ ಹಿಡಿಯುತ್ತದೆ, ಏಕೆಂದರೆ ಚಾರ್ಟಿನಲ್ಲಿ ಆ ಬೆಲೆ ಇದೆ. ನಿಜವಾದ ಪೇಟೆಯಲ್ಲಿ ಸಿಗುವುದು 1065.00. ಇ-ಮಿನಿಯ ಒಂದು ಪಾಯಿಂಟಿಗೆ 50 ಡಾಲರ್. ಒಂದೇ ಕಾಂಟ್ರ್ಯಾಕ್ಟಿನಲ್ಲಿ 150 ಡಾಲರ್ ಕಾಗದದ ಮೇಲೆ ಉಳಿದುಕೊಳ್ಳುತ್ತದೆ. ಬಾರ್ ಯಾವಾಗಲೂ ತುದಿಯಲ್ಲೇ ಮುಗಿಯುವುದರಿಂದ ಪ್ರತಿ ಎಂಟ್ರಿ, ಪ್ರತಿ ಎಕ್ಸಿಟ್ ಆ ತುದಿಯ ಬೆಲೆಯಲ್ಲೇ ಆದಂತೆ ತೋರುತ್ತದೆ. ರೇಂಜ್ ಬಾರ್ ಮೇಲೆ ಪರೀಕ್ಷಿಸಿದ ತಂತ್ರ ತೀರಾ ನಯವಾದ ಲಾಭದ ಗೆರೆ ತೋರಿಸಿದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಎಂಟ್ರಿ ಎಕ್ಸಿಟ್‌ಗಳನ್ನು ಬಾರಿನ ಮುಕ್ತಾಯದ ಬೆಲೆಯ ಬದಲು ಅದರ ನಂತರದ ನೈಜ ವ್ಯವಹಾರದ ಬೆಲೆಗೆ ಹಾಕಿ ಮತ್ತೊಮ್ಮೆ ಲೆಕ್ಕಮಾಡಿ. ಲಾಭದ ಬಹುಪಾಲು ಅಲ್ಲಿ ಕರಗಿದರೆ ಅದು ತಂತ್ರದ ಲಾಭವಾಗಿರಲಿಲ್ಲ.

ವಾಲ್ಯೂಮ್ ಬಾರಿನ ಬೆನ್ನಿಗೆ ಗಟ್ಟಿ ಸಿದ್ಧಾಂತವಿದೆ. 1973ರಲ್ಲಿ ಪೀಟರ್ ಕ್ಲಾರ್ಕ್ ಹತ್ತಿಯ ಫ್ಯೂಚರ್ಸ್ ಬೆಲೆಗಳನ್ನು ಅಭ್ಯಾಸಮಾಡಿ, ಪೇಟೆಯ ಒಳಗಿನ ಕಾಲ ಗೋಡೆಯ ಗಡಿಯಾರದ ಜೊತೆ ನಡೆಯುವುದಿಲ್ಲ, ವಹಿವಾಟಿನ ಪ್ರಮಾಣದ ಜೊತೆ ನಡೆಯುತ್ತದೆ ಎಂದು ವಾದಿಸಿದರು. ಆ ಅಳತೆಯಲ್ಲಿ ನೋಡಿದರೆ ಬೆಲೆಯ ಅನಿರೀಕ್ಷಿತ ದೊಡ್ಡ ಜಿಗಿತಗಳು ಬಹುಮಟ್ಟಿಗೆ ಸಾಮಾನ್ಯಗೊಳ್ಳುತ್ತವೆ ಎಂಬುದು ಆಶಯ. 2000ದಲ್ಲಿ ಸಂಶೋಧಕರಾದ ಅನೇ ಮತ್ತು ಜೆಮಾನ್, ಪ್ರಮಾಣಕ್ಕಿಂತ ವ್ಯವಹಾರಗಳ ಸಂಖ್ಯೆಯೇ ಉತ್ತಮ ಅಳತೆ ಎಂದರು. ಟಿಕ್ ಚಾರ್ಟಿನ ಪರ ವಹಿಸುವವರು ಹೇಳುವುದೂ ಅದನ್ನೇ. ಆದರೆ 2006ರಲ್ಲಿ ಜಿಲೆಮೊ, ಫಾರ್ಮರ್, ಲಿಲ್ಲೊ ಈ ಇಡೀ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಪ್ರಮಾಣವನ್ನು ಸಮ ಮಾಡಿದರೂ, ವ್ಯವಹಾರ ಸಂಖ್ಯೆಯನ್ನು ಸಮ ಮಾಡಿದರೂ ದೊಡ್ಡ ಜಿಗಿತಗಳು ಉಳಿದವು, ಏರಿಳಿತ ಗುಂಪುಗುಂಪಾಗಿ ಬರುವ ಗುಣವೂ ಉಳಿಯಿತು. ಅಷ್ಟೇ ಕಾಂಟ್ರ್ಯಾಕ್ಟುಗಳು ಒಂದು ದಿನ ಬೆಲೆಯನ್ನು ಅಲುಗಿಸುವುದೇ ಇಲ್ಲ, ಇನ್ನೊಂದು ದಿನ ಕಿತ್ತೆಸೆಯುತ್ತವೆ. ಎದುರಿಗೆ ನಿಂತು ಕೊಳ್ಳುವವರು ಎಷ್ಟು ಮಂದಿ ಎಂಬುದರ ಮೇಲೆ ಅದು ನಿಂತಿದೆ.

ಮೇ 6 ಇದಕ್ಕೆ ಪ್ರತ್ಯಕ್ಷ ಸಾಕ್ಷಿ. ಅಮೆರಿಕದ ಎರಡು ನಿಯಂತ್ರಣ ಸಂಸ್ಥೆಗಳ ಜಂಟಿ ವರದಿಯ ಪ್ರಕಾರ, 2:32ಕ್ಕೆ ಒಂದು ದೊಡ್ಡ ಸಂಸ್ಥೆ 75,000 ಇ-ಮಿನಿ ಕಾಂಟ್ರ್ಯಾಕ್ಟುಗಳ ಮಾರಾಟ ಶುರುಮಾಡಿತು. ಅದರ ಪ್ರೋಗ್ರಾಮಿಗೆ ಕೊಟ್ಟ ಸೂಚನೆ ಹಿಂದಿನ ನಿಮಿಷದ ವಹಿವಾಟಿನ ಶೇ 9ರಷ್ಟನ್ನು ಮಾರುತ್ತಾ ಹೋಗು ಎಂಬುದಾಗಿತ್ತು. ಬೆಲೆಯನ್ನಾಗಲಿ ಸಮಯವನ್ನಾಗಲಿ ಅದು ನೋಡಬೇಕಿರಲಿಲ್ಲ. ಅಂದರೆ ಆ ಪ್ರೋಗ್ರಾಮು ವಾಲ್ಯೂಮನ್ನೇ ತನ್ನ ಗಡಿಯಾರ ಮಾಡಿಕೊಂಡಿತ್ತು. ಇತ್ತ ಅತಿವೇಗದ ವಹಿವಾಟುದಾರರು ಕಾಂಟ್ರ್ಯಾಕ್ಟುಗಳನ್ನು ತಮ್ಮತಮ್ಮಲ್ಲೇ ದಾಟಿಸಿಕೊಳ್ಳತೊಡಗಿದರು. ನಾನು ಮೊದಲು ಹೇಳಿದ 15 ಸೆಕೆಂಡುಗಳಲ್ಲಿ ಅವರು 27,000ಕ್ಕೂ ಹೆಚ್ಚು ಕಾಂಟ್ರ್ಯಾಕ್ಟು ವಹಿವಾಟು ನಡೆಸಿದರು, ಒಟ್ಟು ವಹಿವಾಟಿನ ಶೇ 49ರಷ್ಟು. ಅಷ್ಟೆಲ್ಲ ಕೊಂಡು ಮಾರಿದ ಮೇಲೆ ಅವರ ಕೈಯಲ್ಲಿ ಹೆಚ್ಚುವರಿಯಾಗಿ ಉಳಿದ ಖರೀದಿ ಸುಮಾರು 200 ಕಾಂಟ್ರ್ಯಾಕ್ಟು ಮಾತ್ರ. ವಾಲ್ಯೂಮ್ ಉಬ್ಬಿತು, ಪ್ರೋಗ್ರಾಮು ಅದನ್ನು ನೋಡಿ ಇನ್ನಷ್ಟು ಮಾರಿತು. ಆಗ ಇ-ಮಿನಿಯಲ್ಲಿ ಕೊಳ್ಳಲು ಕಾದಿದ್ದ ಆರ್ಡರುಗಳ ಆಳ ಬೆಳಗಿನ ಮಟ್ಟದ ಶೇ 1ಕ್ಕಿಂತ ಕೆಳಗೆ ಹೋಗಿತ್ತು.

ಈ ಅಂಕಿಗಳಿಂದಲೇ ಚಾರ್ಟನ್ನು ಊಹಿಸಬಹುದು. 27,000 ಎಂಬುದು ಶೇ 49 ಎಂದಮೇಲೆ ಒಟ್ಟು ವಹಿವಾಟು ಸುಮಾರು 55,000. ಬಾರಿಗೆ 5,000 ಕಾಂಟ್ರ್ಯಾಕ್ಟಿನಂತೆ ವಾಲ್ಯೂಮ್ ಬಾರ್ ಇಟ್ಟವನ ಪರದೆಯಲ್ಲಿ 15 ಸೆಕೆಂಡಿಗೆ 11 ಬಾರ್ ಬೀಳುತ್ತವೆ. ಶೇ 1.7 ಎಂದರೆ ಹೆಚ್ಚುಕಡಿಮೆ 18 ಪಾಯಿಂಟು. 2 ಪಾಯಿಂಟಿನ ರೇಂಜ್ ಚಾರ್ಟಿನಲ್ಲಿ ಸುಮಾರು 8 ಬಾರ್. ಎರಡರಲ್ಲೂ ಕಾಣುವುದು ಅಚ್ಚುಕಟ್ಟಾಗಿ ಇಳಿಯುತ್ತಿರುವ ಒಂದು ಟ್ರೆಂಡ್. ಬೇರೆ ದಿನ ಅರ್ಧ ಗಂಟೆಯಲ್ಲಿ ಮೂಡುವ ಇಳಿಕೆಗೂ ಇದಕ್ಕೂ ಆಕಾರದಲ್ಲಿ ಭೇದವಿಲ್ಲ. 2:45:28ರ ಐದು ಸೆಕೆಂಡಿನ ನಿಲುಗಡೆಯಂತೂ ಈ ಚಾರ್ಟುಗಳಲ್ಲಿ ಇಲ್ಲವೇ ಇಲ್ಲ. ಆಗ ವ್ಯವಹಾರವಿಲ್ಲ, ಪ್ರಮಾಣವಿಲ್ಲ, ಬೆಲೆಯ ಚಲನೆಯಿಲ್ಲ; ಆದ್ದರಿಂದ ಬಾರೂ ಇಲ್ಲ. ಅಂದಿನ ಅತಿ ಮಹತ್ವದ ಘಟನೆ ಒಂದು ಬಾರಿನೊಳಗೋ ಎರಡು ಬಾರ್‌ಗಳ ನಡುವಿನ ಗೆರೆಯಲ್ಲೋ ಕಳೆದುಹೋಗುತ್ತದೆ. ಗಡಿಯಾರವನ್ನು ತೆಗೆದಾಗ ವೇಗವೂ ಅದರ ಜೊತೆಗೇ ಹೊರಟುಹೋಗುತ್ತದೆ. ಓಡುವ ಪೇಟೆಯಲ್ಲಿ ತಿಳಿಯಬೇಕಾದ ಮೊದಲ ವಿಷಯವೇ ವೇಗ.

ನಮ್ಮಲ್ಲಿ ನಿಫ್ಟಿ ಫ್ಯೂಚರ್ಸ್ ಮೇಲೆ ಟಿಕ್ ಚಾರ್ಟು ಹಾಕುವವರಿಗೆ ಇನ್ನೊಂದು ತೊಡಕಿದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ವಿನಿಮಯ ಕೇಂದ್ರ ಪ್ರತಿಯೊಂದು ವ್ಯವಹಾರದ ಮಾಹಿತಿಯನ್ನೂ ಬಿಡುಗಡೆ ಮಾಡುತ್ತದೆ ನಿಜ. ಆದರೆ ಸಾಮಾನ್ಯ ಹೂಡಿಕೆದಾರನಿಗೆ ಬ್ರೋಕರ್ ಮೂಲಕ ಬರುವುದು ಆ ಪೂರ್ಣ ಹರಿವಲ್ಲ. ಆಗಾಗ ತೆಗೆದ ಪೇಟೆಯ ಸ್ನ್ಯಾಪ್‌ಶಾಟ್. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ನೂರಾರು ವ್ಯವಹಾರ ನಡೆದಿದ್ದರೂ ಚಾರ್ಟಿಗೆ ಅದು ಒಂದೇ ಟಿಕ್. ಪೇಟೆ ನಿಧಾನವಾಗಿರುವಾಗ ಇದರಿಂದ ಹೆಚ್ಚು ನಷ್ಟವಿಲ್ಲ. ವೇಗ ಏರಿದಂತೆ ಸ್ನ್ಯಾಪ್‌ಶಾಟುಗಳ ಸಂಖ್ಯೆ ಒಂದು ಮಿತಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದೆ ಟಿಕ್ ಎಣಿಸುವುದೂ ಸೆಕೆಂಡು ಎಣಿಸುವುದೂ ಒಂದೇ. ಸಮಯದ ಚಾರ್ಟಿನಿಂದ ತಪ್ಪಿಸಿಕೊಳ್ಳಲು ಟಿಕ್ ಚಾರ್ಟು ಹಾಕಿದವನು ಬೇಕಾದ ಹೊತ್ತಿನಲ್ಲೇ ಸಮಯದ ಚಾರ್ಟಿನ ಮುಂದೆ ಕೂತಿರುತ್ತಾನೆ.

ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಬೆಳಗ್ಗೆ 9:15ರ ಆರಂಭದ ರಭಸದಲ್ಲಿ ಬಿದ್ದ ಬಾರ್‌ಗಳನ್ನೂ ಮಧ್ಯಾಹ್ನ ಹನ್ನೆರಡೂವರೆಯ ಬಾರ್‌ಗಳನ್ನೂ ಪಕ್ಕಪಕ್ಕ ಇಟ್ಟು, ಒಂದೊಂದಕ್ಕೆ ಹಿಡಿದ ಸೆಕೆಂಡುಗಳನ್ನು ನೋಡಿ. ನಿಜವಾದ ವ್ಯವಹಾರಗಳನ್ನು ಎಣಿಸುತ್ತಿದ್ದರೆ ಬೆಳಗಿನ ಬಾರ್‌ಗಳು ಬಹಳ ಬೇಗ ಮುಗಿದಿರಬೇಕು. ಎರಡೂ ಹೊತ್ತಿನಲ್ಲಿ ಸಮಯ ಹತ್ತಿರಹತ್ತಿರ ಇದ್ದು, ಬೆಳಗಿನ ಬಾರಿನೊಳಗಿನ ವಾಲ್ಯೂಮ್ ಮಾತ್ರ ಹಲವು ಪಟ್ಟು ಇದ್ದರೆ ನೀವು ಎಣಿಸುತ್ತಿರುವುದು ಸ್ನ್ಯಾಪ್‌ಶಾಟುಗಳನ್ನು. ಇಂಥ ಮಾಹಿತಿಯಲ್ಲಿ ವಾಲ್ಯೂಮ್ ಬಾರ್ ಸ್ವಲ್ಪ ಮೇಲು. ದಿನದ ಒಟ್ಟು ವಾಲ್ಯೂಮ್ ಪ್ರತಿ ಸ್ನ್ಯಾಪ್‌ಶಾಟಿನಲ್ಲೂ ಬರುವುದರಿಂದ ನಡುವಿನ ವ್ಯವಹಾರ ಲೆಕ್ಕದಿಂದ ತಪ್ಪುವುದಿಲ್ಲ. ಬಾರಿನ ಗಡಿ ಮಾತ್ರ ಒಂದಿಷ್ಟು ಆಚೀಚೆ ಬೀಳುತ್ತದೆ. ರೇಂಜ್ ಬಾರಿಗೆ ಆ ಆಸರೆಯೂ ಇಲ್ಲ, ನಡುವೆ ಬೆಲೆ ಎಲ್ಲಿ ಮುಟ್ಟಿ ಬಂತೆಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಹಾಗಾಗಿ ಓದುವುದಕ್ಕೆ ನಾನು ಆರಿಸಿಕೊಳ್ಳುವುದು ಫ್ಯೂಚರ್ಸ್ ಮೇಲಿನ ವಾಲ್ಯೂಮ್ ಬಾರ್. ಸೂಚ್ಯಂಕ ತಾನಾಗಿ ಕೈ ಬದಲಿಸುವುದಿಲ್ಲವಾದ್ದರಿಂದ ಅದರ ಮೇಲೆ ಹಾಕಿದ ವಾಲ್ಯೂಮ್ ಬಾರಿಗೆ ಅರ್ಥವಿಲ್ಲ. ಪ್ರಮಾಣವನ್ನು ಲಾಟುಗಳಲ್ಲಿ ಇಡಬಾರದು. 2024ರ ನವೆಂಬರಿನಲ್ಲಿ ನಿಫ್ಟಿ ಲಾಟ್ 25ರಿಂದ 75ಕ್ಕೆ ಏರಿದಾಗ ಲಾಟು ಎಣಿಸುತ್ತಿದ್ದ ಚಾರ್ಟಿನಲ್ಲಿ ಹಳೆಯ ಮತ್ತು ಹೊಸ ಬಾರ್‌ಗಳ ಹೋಲಿಕೆಯೇ ಕಡಿದುಹೋಯಿತು. ಚಾರ್ಟಿನ ಕೆಳಗೆ ಪ್ರತಿ ಬಾರಿಗೆ ಹಿಡಿದ ಸೆಕೆಂಡುಗಳನ್ನು ಕಂಬಗಳಾಗಿ ತೋರಿಸುವ ಇನ್ನೊಂದು ಪಟ್ಟಿ ಇರಲೇಬೇಕು. ಸಾಮಾನ್ಯವಾಗಿ ನಿಮಿಷಗಟ್ಟಲೆ ಹಿಡಿಯುವ ಬಾರ್ ಸೆಕೆಂಡು ಎರಡು ಸೆಕೆಂಡಿಗೆ ಇಳಿದಾಗ ಮೇಲಿನ ಬಾರ್ ಎಷ್ಟು ಸುಂದರವಾಗಿದ್ದರೂ ಆ ಬೆಲೆಗೆ ಆರ್ಡರ್ ತಲುಪುವುದಿಲ್ಲ. ಕಂಬ ಇದ್ದಕ್ಕಿದ್ದಂತೆ ಎತ್ತರಕ್ಕೆ ಎದ್ದರೆ ವಹಿವಾಟು ನಿಂತಿದೆಯೋ, ಬ್ರೋಕರಿನಿಂದ ಬರುವ ಮಾಹಿತಿಯೇ ಕಡಿದಿದೆಯೋ ಎಂದು ಮೊದಲು ನೋಡಬೇಕು. ಪಕ್ಕದಲ್ಲಿ ತೆರೆದಿಟ್ಟ ಒಂದು ನಿಮಿಷದ ಕ್ಯಾಂಡಲ್ ಚಾರ್ಟು ಆಗ ಕೆಲಸಕ್ಕೆ ಬರುತ್ತದೆ. ನಿಲುಗಡೆ ನಿಮಿಷಗಟ್ಟಲೆ ಮುಂದುವರಿದರೆ ಅಲ್ಲಿ ಖಾಲಿ ಬಿದ್ದ ಜಾಗವೂ ಕಾಣಬಹುದು.