ತಿದ್ದುವ ಗುಂಡಿಯೂ ದೀಪದ ಬೆಳಕೂ

ಕಳೆದ ಕಾರ್ತಿಕದಲ್ಲಿ, ಉತ್ಥಾನದ್ವಾದಶಿಯ ರಾತ್ರಿ, ನಮ್ಮ ಮನೆಯ ತುಳಸಿಕಟ್ಟೆಯ ಮುಂದೆ ಅತ್ತೆಯವರು ಬಾಗಿ ದೀಪ ಹಚ್ಚುತ್ತಿದ್ದಾಗ ತೆಗೆದ ಒಂದು ಚಿತ್ರವನ್ನೂ, 1982ರಲ್ಲಿ ನಡೆದ ಅವರ ಮದುವೆಯ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ ಇನ್ನೊಂದು ಚಿತ್ರವನ್ನೂ ಮುಂದಿಟ್ಟುಕೊಂಡು, ಎರಡರ ಮೇಲೂ ಚಿತ್ರವನ್ನು ತಾನಾಗಿ ತಿದ್ದುವ ಗುಂಡಿಯನ್ನು ಒತ್ತಿ ನೋಡಿದೆ. ಮದುವೆಯ ಚಿತ್ರ ನಾಲ್ಕು ದಶಕಗಳ ಮಾಸಲನ್ನು ಕೊಡವಿಕೊಂಡು ಎದ್ದಿತು. ದೀಪದ ಚಿತ್ರವಾದರೋ ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದೆಂಬಂತೆ ಪೇಲವವಾಯಿತು. ಒಂದೇ ಕೈ ಒಂದೆಡೆ ಉಪಕಾರಿಯಾಗಿ ಇನ್ನೊಂದೆಡೆ ಅಪಕಾರಿಯಾದದ್ದೇಕೆ ಎಂಬುದನ್ನು ವಿಚಾರಿಸಿದರೆ, ಗುಂಡಿಯ ಗುಣದೋಷಗಳೆರಡೂ ಒಂದೇ ಬೇರಿನಿಂದ ಹುಟ್ಟಿದವೆಂಬುದು ತಿಳಿದುಬರುತ್ತದೆ.

ಆ ಬೇರು ಯಾವುದೆಂದರೆ, ಚಿತ್ರದಲ್ಲಿ ಏನಿದೆಯೆಂಬುದಕ್ಕಿಂತ ಅದರ ಬಿಂದುಗಳು ಹೇಗೆ ಹಂಚಿಹೋಗಿವೆಯೆಂಬುದನ್ನೇ ಗುಂಡಿಯು ನೋಡುತ್ತದೆ. ಪ್ರತಿ ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಪ್ರಮಾಣವನ್ನು 0ಯಿಂದ 255ರ ವರೆಗಿನ ಅಂಕೆಗಳಲ್ಲಿ ಬರೆದಿಟ್ಟಿರುತ್ತದೆ. ಒಳ್ಳೆಯ ಚಿತ್ರದಲ್ಲಿ ಎಲ್ಲಾದರೂ ಒಂದೆಡೆ ಪೂರ್ಣ ಕಪ್ಪೂ ಇನ್ನೊಂದೆಡೆ ಪೂರ್ಣ ಬಿಳುಪೂ ಇರಬೇಕೆಂಬುದು ಗುಂಡಿಯ ಮೊದಲನೆಯ ನಂಬಿಕೆ. ಎಲ್ಲ ಬಣ್ಣಗಳನ್ನೂ ಕಲೆಸಿದರೆ ಸರಾಸರಿ ಬೂದುಬಣ್ಣ ಬರಬೇಕೆಂಬುದು ಎರಡನೆಯದು. ಅಸಂಖ್ಯ ಚಿತ್ರಗಳನ್ನು ಕಂಡು ಕಲಿತ ಈಚಿನ ಗುಂಡಿಗಳು ಇಷ್ಟು ಒರಟಾಗಿ ವರ್ತಿಸುವುದಿಲ್ಲವಾದರೂ, ಸಾಮಾನ್ಯ ಹಗಲಿನ ಸಾಮಾನ್ಯ ಚಿತ್ರದ ಕಡೆಗೆ ಎಲ್ಲವನ್ನೂ ಎಳೆಯುವ ಪ್ರವೃತ್ತಿ ಅವುಗಳಲ್ಲಿಯೂ ಇದೆ.

ಮದುವೆಯ ಚಿತ್ರಕ್ಕೆ ಈ ಪ್ರವೃತ್ತಿಯೇ ಔಷಧವಾಯಿತು. ಬಣ್ಣದ ಅಚ್ಚಿನ ಕಾಗದದಲ್ಲಿ ಮೂರು ವರ್ಣದ್ರವ್ಯಗಳ ಪದರಗಳಿರುತ್ತವೆ. ಆ ಕಾಲದ ಅಚ್ಚುಗಳು ಆಲ್ಬಮ್ಮಿನ ಕತ್ತಲೆಯಲ್ಲೇ ಮಲಗಿದ್ದರೂ, ಕೆಂಪನ್ನು ಹೀರಿಕೊಳ್ಳತಕ್ಕ ನೀಲಿಹಸಿರಿನ ಪದರವು ಉಳಿದೆರಡಕ್ಕಿಂತ ಬೇಗ ಕ್ಷೀಣಿಸಿ, ಚಿತ್ರವೆಲ್ಲ ಕೆಂಪೇರುವುದು ಸಾಮಾನ್ಯ. ಅತ್ತೆಯವರ ಜಡೆಯ ಕಪ್ಪಿನಲ್ಲಿ ಹಸಿರು ಮತ್ತು ನೀಲಿಗಳು 40ರ ಆಸುಪಾಸಿನಲ್ಲಿದ್ದರೆ, ಕೆಂಪು 95ರಷ್ಟಿತ್ತು; ಕಪ್ಪು ಕೂದಲು ಕಂದಾಗಿ ತೋರುತ್ತಿದ್ದುದಕ್ಕೆ ಅದೇ ಕಾರಣ. ವರನ ಬಿಳಿಯ ಪಂಚೆಯಲ್ಲಿ ಕೆಂಪು 240ಕ್ಕೆ ಏರಿದ್ದರೆ, ಕಾಗದವೇ ಹಳದಿಯಾಗಿದ್ದುದರಿಂದ ನೀಲಿಯು 190ಕ್ಕೇ ನಿಂತಿತ್ತು. ಫೋಟೋಶಾಪಿನ Auto Tone ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ಹಿಡಿದು, ಪ್ರತಿಯೊಂದರ ಕೆಳತುದಿಯನ್ನು 0ಗೂ ಮೇಲ್ತುದಿಯನ್ನು 255ಕ್ಕೂ ಎಳೆಯುವುದರಿಂದ, ಜಡೆಯ ಮೂರು ಅಂಕೆಗಳೂ ಕೆಳಗಿಳಿದು ಒಂದಾದವು, ಪಂಚೆಯ ಮೂರು ಅಂಕೆಗಳೂ ಮೇಲೇರಿ ಒಂದಾದವು. ಕೂದಲು ಕಪ್ಪಾಯಿತು, ಪಂಚೆ ಬೆಳ್ಳಗಾಯಿತು, ಅವೆರಡರ ನಡುವೆ ಧಾರೆಯ ಸೀರೆಯ ಹಸಿರಂಚು ತಾನಾಗಿಯೇ ಮರಳಿತು. ಇಲ್ಲಿ ಗುಂಡಿಯು ತೆಗೆದುಹಾಕಿದ ಕೆಂಪು ಮದುವೆಯ ಚಪ್ಪರದಲ್ಲಿದ್ದ ಕೆಂಪಲ್ಲ, ಕಾಲವು ಕಾಗದಕ್ಕೆ ಬಳಿದದ್ದು.

ಇನ್ನು ದೀಪದ ಚಿತ್ರ. ಎಣ್ಣೆಯ ದೀಪದ ವರ್ಣತಾಪವು ಸುಮಾರು 1,900 ಕೆಲ್ವಿನ್, ನಡುಹಗಲಿನದು ಸುಮಾರು 5,500. ಆದ್ದರಿಂದ ಅದರ ಬೆಳಕಿನಲ್ಲಿ ಕೆಂಪು ಹೇರಳ, ನೀಲಿ ಅತ್ಯಲ್ಪ. ಜ್ವಾಲೆಯ ನಡುವಣ ಬಿಳುಪನ್ನು ಬಿಟ್ಟರೆ ಆ ಚಿತ್ರದಲ್ಲಿ ನೀಲಿಯು ಹೆಚ್ಚಾಗಿರುವ ಸ್ಥಳವೇ ಇರಲಿಲ್ಲ. ಚಿತ್ರದ ಬಿಂದುಗಳಲ್ಲಿ ತುತ್ತತುದಿಯಲ್ಲಿರುವ ಸಾವಿರಕ್ಕೊಂದು ಪಾಲನ್ನು ಗುಂಡಿಯು ಲೆಕ್ಕಕ್ಕೇ ತೆಗೆದುಕೊಳ್ಳದ್ದರಿಂದ ಆ ಪುಟ್ಟ ಜ್ವಾಲೆಯ ಸಾಕ್ಷ್ಯವೂ ಬಿದ್ದುಹೋಯಿತು. ನೀಲಿಯನ್ನು ಮೇಲಕ್ಕೆಳೆದೊಡನೆ ಅತ್ತೆಯವರ ಕೆನ್ನೆಯ ಹೊಂಬಣ್ಣ ಬಾಡಿತು. ಕಾಗದದ ಹಳದಿಯನ್ನು ನಿವಾರಿಸಿದ ಆ ಗಣಿತವೇ ದೀಪದ ಹಳದಿಯನ್ನೂ ನಿವಾರಿಸಿತೆಂದಮೇಲೆ, ಇವೆರಡು ಹಳದಿಗಳ ಭೇದವನ್ನು ಅದು ಅರಿಯದೆಂಬುದು ಸ್ಪಷ್ಟ.

ಅದೇ ಚಿತ್ರಕ್ಕೆ ಫೋನಿನ ಗುಂಡಿಯು ಮಾಡಿದ ಇನ್ನೊಂದು ಕೇಡು ಇದಕ್ಕಿಂತ ಸೂಕ್ಷ್ಮವಾದುದು. ಸಣ್ಣ ದೀಪದ ಬೆಳಕು ದೂರ ಇಮ್ಮಡಿಯಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ಅತ್ತೆಯವರ ಮುಖ ದೀಪಕ್ಕೆ ಒಂದು ಅಡಿ ದೂರದಲ್ಲಿದ್ದು, ಹಿಂದಿನ ಗೋಡೆ ಎಂಟು ಅಡಿ ಆಚೆಗಿದ್ದುದರಿಂದ, ಗೋಡೆಗೆ ತಲುಪಿದ್ದು ಮುಖಕ್ಕೆ ಬಿದ್ದ ಬೆಳಕಿನ ಅರುವತ್ತನಾಲ್ಕನೆಯ ಒಂದು ಪಾಲು ಮಾತ್ರ. ನೋಡುವವನ ಕಣ್ಣು ಈ ಇಳಿತದಿಂದಲೇ ಅಂಗಳದ ಆಳವನ್ನು ಅಳೆಯುತ್ತದೆ. ನಾವು ರಾತ್ರಿಯ ಗಾಂಭೀರ್ಯವೆಂದು ಕರೆಯುವ ಭಾವವು ಬಹುಮಟ್ಟಿಗೆ ಈ ಇಳಿತವೇ. ಗುಂಡಿಯು ನೆರಳನ್ನು ಎತ್ತಿ ಜ್ವಾಲೆಯನ್ನು ತಗ್ಗಿಸಿದಾಗ, ಗೋಡೆಯು ಮುಂದಕ್ಕೆ ಸರಿದು ಮುಖದ ಬೆನ್ನಿಗೆ ಅಂಟಿಕೊಂಡಂತೆ ಕಂಡಿತು. ಗೋಡೆಗೆ ಒರಗಿಸಿದ್ದ ಸೈಕಲ್ಲೂ ಒಣಹಾಕಿದ್ದ ಟವೆಲೂ, ಅವುಗಳ ಮೇಲೆಲ್ಲ ಚೆಲ್ಲಿದ ಬಣ್ಣಬಣ್ಣದ ಕಾಳುಗಳೂ ಹೊರಬಂದವು. ಕತ್ತಲೆಯಲ್ಲಿ ಕ್ಯಾಮೆರಾ ಸರಿಯಾಗಿ ಹಿಡಿಯಲಾರದೆ ಬಿಟ್ಟದ್ದನ್ನು ಬಲಾತ್ಕಾರವಾಗಿ ಬೆಳಗಿದುದರ ಗುರುತು ಈ ಕಾಳುಗಳೇ.

ಹಾಗಾದರೆ ಮೂಲಚಿತ್ರವನ್ನು ಮುಟ್ಟಲೇಬಾರದೋ ಎಂದರೆ, ಮೂಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಕ್ಯಾಮೆರಾದ ಅಳತೆಗಾರನೂ ದೃಶ್ಯವನ್ನು ನಡುಬೂದುಬಣ್ಣಕ್ಕೆ ತರಲು ಹವಣಿಸುವುದರಿಂದ, ಕತ್ತಲೆಯ ಅಂಗಳವನ್ನು ಇದ್ದುದಕ್ಕಿಂತ ಬೆಳ್ಳಗೆ ಚಿತ್ರಿಸುತ್ತಾನೆ. ಗುಂಡಿಯು ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ತಳ್ಳುತ್ತದೆ. ನನ್ನ ಚಿತ್ರಕ್ಕೆ ನಿಜವಾಗಿ ಬೇಕಾಗಿದ್ದುದು ಗುಂಡಿಯ ವಿರುದ್ಧದ ಕೆಲಸ: ಬೆಳಕನ್ನು ಕೊಂಚ ತಗ್ಗಿಸಿದೆ, ಕ್ಯಾಮೆರಾವೇ ತಣಿಸಿದ್ದ ಬಣ್ಣಕ್ಕೆ ಒಂದಿಷ್ಟು ಬೆಚ್ಚನೆಯ ಹಳದಿಯನ್ನು ಮರಳಿಸಿದೆ, ಗೋಡೆಯನ್ನು ಕತ್ತಲೆಗೇ ಬಿಟ್ಟೆ.

ಆದುದರಿಂದ ಗುಂಡಿಯನ್ನು ಒತ್ತಿದಮೇಲೆ ಕೇಳಿಕೊಳ್ಳತಕ್ಕ ಪ್ರಶ್ನೆ, ಚಿತ್ರ ಚೆಲುವಾಯಿತೋ ಇಲ್ಲವೋ ಎಂಬುದಲ್ಲ. ಹೊಸದಾಗಿ ಬೆಳ್ಳಗಾದದ್ದು ಯಾವಾಗಲೂ ಒಂದು ಗಳಿಗೆ ಚೆಲುವಾಗಿಯೇ ತೋರುವುದು. ಈಗ ಕಳೆದುಹೋದ ಬಣ್ಣ ಇಲ್ಲವೆ ಕತ್ತಲೆ ಆ ಸ್ಥಳದಲ್ಲಿತ್ತೋ, ಕಾಗದವೋ ಕಾಲವೋ ಯಂತ್ರವೋ ತಂದದ್ದೋ ಎಂಬುದೇ ಸರಿಯಾದ ಪ್ರಶ್ನೆ. ಅದನ್ನು ನಿರ್ಣಯಿಸಲು ಚಿತ್ರದಲ್ಲಿ ಬಿಳಿಯೆಂದು ನಾವು ಬಲ್ಲ ವಸ್ತುವನ್ನು ಹುಡುಕಬೇಕು: ಪಂಚೆ, ಮಲ್ಲಿಗೆ, ಕಣ್ಣಿನ ಬಿಳುಪು. ಹಗಲಿನ ಚಿತ್ರದಲ್ಲಿ ಅದು ಬಿಳಿಯಾಗಿಯೇ ಇರಬೇಕು. ದೀಪದ ಚಿತ್ರದಲ್ಲಿ ಅದು ಬಿಳಿಯಾಯಿತೆಂದರೆ ದೀಪ ಆರಿತೆಂದೇ ಅರ್ಥ. ವಧುವಿನ ಕೆಂಪು ಸೀರೆಯೇ ಚೌಕಟ್ಟನ್ನು ತುಂಬಿ, ಬಿಳಿಯ ವಸ್ತುವೊಂದೂ ಕಾಣದ ಚಿತ್ರದಲ್ಲಿ, ಆಲ್ಬಮ್ ಎಷ್ಟು ಹಳೆಯದಾದರೂ, ಬಣ್ಣಗಳನ್ನು ಬಿಡಿಬಿಡಿಯಾಗಿ ಎಳೆಯುವ Auto Toneಗಿಂತ ಮೂರನ್ನೂ ಒಟ್ಟಾಗಿ ಎಳೆದು ವರ್ಣವನ್ನು ಕಾಯುವ Auto Contrast ಲೇಸು.

ನನ್ನ ತೀರ್ಪು ಇಷ್ಟೆ: ಮಾಸಿದ ಅಚ್ಚಿಗೆ, ಮಂಕಾದ ಸ್ಕ್ಯಾನಿಗೆ, ಟ್ಯೂಬ್‌ಲೈಟಿನಲ್ಲಿ ಹಸಿರೇರಿದ ಮುಖಗಳಿಗೆ ಗುಂಡಿಯನ್ನು ನಿಸ್ಸಂಕೋಚವಾಗಿ ಒತ್ತಬಹುದು; ಬೆಳಕೇ ಚಿತ್ರದ ವಸ್ತುವಾಗಿರುವಲ್ಲಿ ಒತ್ತಬಾರದು. ಎರಡು ಚಿತ್ರಗಳನ್ನೂ ಅತ್ತೆಯವರ ಕೈಗಿತ್ತೆ. ಮದುವೆಯದನ್ನು ತಿದ್ದಿದ ಪ್ರತಿಯಲ್ಲಿ ಇಟ್ಟುಕೊಂಡರು. ದೀಪದ್ದರಲ್ಲಿ ಸೈಕಲ್ ಕಾಣದ ಪ್ರತಿಯನ್ನು ಆರಿಸಿಕೊಂಡರು.