ಸಿಂಕಿಂಗ್ ಫಂಡ್ ಲೆಕ್ಕದ ಸೊಗಸು

ಕಂಪನಿಯೊಂದು 1,00,000 ರೂಪಾಯಿಯ ಡಿಬೆಂಚರುಗಳನ್ನು 5% ಪ್ರೀಮಿಯಂನಲ್ಲಿ ಹೊರಡಿಸಿತೆನ್ನಿ. ಹೆಚ್ಚಿಗೆ ಬಂದ 5,000 ವರ್ಷದ ಲಾಭವಲ್ಲ. ಅದು ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಗೆ ಜಮೆ. ಮೂರು ವರ್ಷಕ್ಕೆ ಮುಖಬೆಲೆ ತೀರಿಸಬೇಕು, ಹೂಡಿಕೆಗೆ 5% ಬಡ್ಡಿ.

ಪ್ರತಿ ವರ್ಷ ಲಾಭದಿಂದ 31,721 ಸಿಂಕಿಂಗ್ ಫಂಡಿಗೆ ಜಮೆಯಾಗುತ್ತದೆ. ಮೊದಲ ವರ್ಷ ಅಷ್ಟೇ ನಗದು ಹೂಡಿಕೆಗೆ ಹೋಗುತ್ತದೆ. ಎರಡನೇ ವರ್ಷ 1,586 ಬಡ್ಡಿಯೂ ಸೇರಿ 33,307 ಹೂಡುತ್ತಾರೆ. ಮೂರನೇ ವರ್ಷ 3,251 ಬಡ್ಡಿ ಮತ್ತು ಕೊನೆಯ ಕಂತು ಸೇರಿದರೆ ಫಂಡ್ ಸರಿಯಾಗಿ 1,00,000! ಆ ವರ್ಷ ಹೊಸ ಹೂಡಿಕೆ ಬರೆಯಬಾರದು, ಹಣ ತೀರುವಳಿಗೇ ಬೇಕು. ಹಲವರು ಎಡವುವುದು ಇಲ್ಲೇ. ಹೂಡಿಕೆ ಮಾರಿದಾಗಿನ ಲಾಭನಷ್ಟವೂ ಫಂಡಿಗೇ.

ನನಗೆ ತುಂಬ ಮೆಚ್ಚುಗೆಯಾಗುವುದು ಮುಕ್ತಾಯ. ಸಾಲ ತೀರಿ ನಗದು ಹೋದರೂ ಫಂಡ್ ಖಾತೆಯ ಬಾಕಿ ಹಾಗೇ ಉಳಿದು ಜನರಲ್ ರಿಸರ್ವಿಗೆ ಸೇರುತ್ತದೆ. ಸಾಲವಿದ್ದ ಜಾಗದಲ್ಲಿ ಈಗ ಷೇರುದಾರರ ಸ್ವಂತ ನಿಧಿಯಿದೆ.